ಸ್ಕ್ಯಾನ್ ಮಾಡಿದ ಪಿಯಾನೊ ಹಾಳೆ: ನಡುವೆ ನಾಲ್ಕು ಬಾರ್ ಮಾತ್ರ ತಪ್ಪುವುದೇಕೆ?

ಸುಮಾ: ಸರ್, ಅಚ್ಚಾದ ಪಿಯಾನೊ ಹಾಳೆಯನ್ನು ಆಡಿವೆರಿಸ್‌ನಲ್ಲಿ ಓದಿಸಿ ಮ್ಯೂಸ್‌ಸ್ಕೋರ್‌ನಲ್ಲಿ ತೆರೆದಿದ್ದೇನೆ. ಬಲಗೈ ಸರಿಯಾಗಿದೆ. ಎಡಗೈ 21ರಿಂದ 24ನೆಯ ಬಾರ್‌ವರೆಗೆ ಗುಡುಗಿದಂತೆ ಕೇಳುತ್ತದೆ, 25ರಿಂದ ತಾನಾಗಿಯೇ ಸರಿಹೋಗುತ್ತದೆ. ಯಾವ ಬಾರ್‌ನಲ್ಲೂ ತಾಳದ ಲೆಕ್ಕ ತಪ್ಪಿಲ್ಲ. ಎಲ್ಲಿ ಹುಡುಕಲಿ?

ಶ್ರೀಧರ (ನೊಟೇಶನ್ ಟೈಪ್‌ಸೆಟರ್): 25ನೆಯ ಬಾರ್‌ನಿಂದ ಹೊಸ ಸಾಲು ಶುರುವಾಗುತ್ತದೆಯೇ ನೋಡಿ. ಹೌದಾದರೆ ಕಳ್ಳ ಸಿಕ್ಕಂತೆಯೇ. ಮೂಲ ಹಾಳೆಯಲ್ಲಿ 20ನೆಯ ಬಾರ್‌ನ ಕೊನೆಗೆ, ಬಾರ್ ಗೆರೆಗಿಂತ ಮುಂಚೆ, ಎಡಗೈ ಸಾಲಿನಲ್ಲಿ ಒಂದು ಪುಟ್ಟ ಟ್ರೆಬಲ್ ಕ್ಲೆಫ್ ಇರುತ್ತದೆ. ನಡುವೆ ಬರುವ ಕ್ಲೆಫ್ ಅನ್ನು ಚಿಕ್ಕದಾಗಿ ಅಚ್ಚು ಹಾಕುತ್ತಾರೆ, ತಂತ್ರಾಂಶ ಅದನ್ನೇ ಬಿಟ್ಟುಬಿಟ್ಟಿದೆ. ಹಾಗಾಗಿ ಟ್ರೆಬಲ್ ಸ್ವರಗಳನ್ನೆಲ್ಲ ಬಾಸ್ ಎಂದು ಓದಿದೆ. ಕೆಳಗಿನ ಗೆರೆಯ ಮೇಲಿನ E ಈಗ G ಆಗಿ, ಒಂದು ಆಕ್ಟೇವ್ ಮತ್ತು ಒಂದು ಸಿಕ್ಸ್ತ್ ಕೆಳಗೆ ಕೇಳುತ್ತಿದೆ. ಮುಂದಿನ ಸಾಲಿನ ಆರಂಭದಲ್ಲಿ ದೊಡ್ಡ ಬಾಸ್ ಕ್ಲೆಫ್ ಇರುವುದರಿಂದ ತಪ್ಪು ಅಲ್ಲಿಗೆ ನಿಂತಿದೆ. ಸ್ವರದ ಎತ್ತರವಷ್ಟೇ ಬದಲಾಗಿ ಕಾಲಾವಧಿ ಹಾಗೆಯೇ ಉಳಿದಿದೆ. ಆದ್ದರಿಂದ ಬಾರ್ ಲೆಕ್ಕ ನೋಡಿ ಇದನ್ನು ಹಿಡಿಯಲಾಗದು, ಕಿವಿಯಿಂದಲೇ ಹಿಡಿಯಬೇಕು.

ಎಲ್ಲರೂ ಎಡವುವ ಜಾಗ ಮುಂದಿದೆ. ಮ್ಯೂಸ್‌ಸ್ಕೋರ್‌ನಲ್ಲಿ 21ಕ್ಕೆ ಟ್ರೆಬಲ್ ಕ್ಲೆಫ್ ಹಾಕಿದರೆ ಸ್ವರದ ತಲೆಗಳು ಕೆಳಕ್ಕೆ ಸರಿಯುತ್ತವೆ, ಧ್ವನಿ ಬದಲಾಗುವುದಿಲ್ಲ. ಅದು ಸ್ವರವನ್ನು ಕಾಪಾಡಿ ಜಾಗವನ್ನು ಬದಲಿಸುತ್ತದೆ. ಆಡಿವೆರಿಸ್‌ನಲ್ಲಿ ಇದು ತಿರುವುಮುರುವು: ಅಲ್ಲಿ ತಲೆಗಳು ಚಿತ್ರಕ್ಕೆ ಅಂಟಿಕೊಂಡಿರುತ್ತವೆ, ಕ್ಲೆಫ್ ಸೇರಿಸಿದರೆ ಸ್ವರವೇ ಬದಲಾಗುತ್ತದೆ. ಆದ್ದರಿಂದ ನಿಮ್ಮ `.omr` ಕಡತ ಉಳಿದಿದ್ದರೆ ಅಲ್ಲಿಯೇ ಕ್ಲೆಫ್ ಇಟ್ಟು, `.mxl` ಅನ್ನು ಮತ್ತೆ ಹೊರತೆಗೆಯಿರಿ. ಉಳಿದಿಲ್ಲವೆಂದರೆ ಮ್ಯೂಸ್‌ಸ್ಕೋರ್‌ನಲ್ಲಿ 21ಕ್ಕೆ ಟ್ರೆಬಲ್, 25ಕ್ಕೆ ಬಾಸ್ ಹಾಕಿ. ಎಡಗೈಯ ಆ ನಾಲ್ಕು ಬಾರ್ ಆರಿಸಿ, Transpose ಕಿಟಕಿಯಲ್ಲಿ ಡಯಾಟೋನಿಕ್ ಆಗಿ ಒಂದು ಸಿಕ್ಸ್ತ್ ಏರಿಸಿ, ಬಳಿಕ `Ctrl+↑` ಒಮ್ಮೆ ಒತ್ತಿ. ಶಾರ್ಪ್, ಫ್ಲ್ಯಾಟ್ ಗುರುತುಗಳಿರುವ ಸ್ವರಗಳನ್ನು ಮೂಲ ಹಾಳೆಯ ಪಕ್ಕದಲ್ಲಿಟ್ಟು ಒಂದೊಂದಾಗಿ ನೋಡಿ.

ರಘು: ಇಷ್ಟೆಲ್ಲ ಏಕೆ? ಮಿಡಿ ಕಡತ ಮಾಡಿ ಮತ್ತೆ ತೆರೆದರೆ ತಪ್ಪುಗಳು ತಾವಾಗಿಯೇ ಹೋಗುತ್ತವೆ.

ಶ್ರೀಧರ: ಹೋಗುವುದಿಲ್ಲ. ತಪ್ಪಾದ G ಮಿಡಿಯಲ್ಲೂ ತಪ್ಪಾದ G ಆಗಿಯೇ ಇರುತ್ತದೆ. ಜೊತೆಗೆ F ಶಾರ್ಪ್, G ಫ್ಲ್ಯಾಟ್ ಎರಡೂ 66 ಎಂಬ ಒಂದೇ ಅಂಕಿಯಾಗಿ, ಸ್ಲರ್‌ಗಳೂ ಮಾಯವಾಗುತ್ತವೆ. ಎಲ್ಲ ತಿದ್ದುಪಡಿ ಮುಗಿದ ಮೇಲೆ ಮಿಡಿ.

ಮಂಜುಳಾ: ಒಂದು ಗುಂಪಿನಲ್ಲಿ ಬಂದದ್ದು: ‘ಪಿಡಿಎಫ್ ಕಡತದ ಹೆಸರಿನ ಕೊನೆಯನ್ನು `.mid` ಎಂದು ಬದಲಿಸಿ, ಸಂಗೀತ ಬರುತ್ತದೆ.’ ನಿಜವೇ?

ಶ್ರೀಧರ: ಸುಳ್ಳು. ಇಂಥದ್ದನ್ನು ದಯವಿಟ್ಟು ಇಲ್ಲಿಗೆ ತರಬೇಡಿ. ಹೆಸರು ಬದಲಿಸಿದರೆ ಒಳಗಿರುವ ಚಿತ್ರ ಸ್ವರವಾಗುವುದಿಲ್ಲ. ಮೂಲ ಕಡತ ಎಲ್ಲಿಟ್ಟಿದ್ದೀರಿ ಎಂಬುದು ಮರೆತುಹೋಗುತ್ತದೆ, ಅಷ್ಟೆ.

ವಿನಯ್: ನನ್ನದು 150 ಡಿಪಿಐ ಸ್ಕ್ಯಾನ್. ಚಿತ್ರ ತಿದ್ದುವ ತಂತ್ರಾಂಶದಲ್ಲಿ 300ಕ್ಕೆ ಹಿಗ್ಗಿಸಿದೆ, ಮೊದಲಿಗಿಂತ ಚೆನ್ನಾಗಿ ಓದಿತು. ಹಾಗಾದರೆ ಮತ್ತೆ ಸ್ಕ್ಯಾನ್ ಮಾಡುವ ಅಗತ್ಯವಿಲ್ಲ ತಾನೇ?

ಶ್ರೀಧರ: ಅರ್ಧ ಸರಿ. ಆಡಿವೆರಿಸ್‌ಗೆ ಎರಡು ಗೆರೆಗಳ ನಡುವೆ ಸುಮಾರು 20 ಪಿಕ್ಸೆಲ್ ಅಂತರ ಬೇಕು. ಆ ಅಂತರ 1.75 ಮಿ.ಮೀ. ಇರುವ ಹಾಳೆಗೆ 300 ಡಿಪಿಐನಲ್ಲಿ ಅಷ್ಟು ಸಿಗುತ್ತದೆ, 150ರಲ್ಲಿ 10 ಮಾತ್ರ. ಹಿಗ್ಗಿಸಿದರೆ ಅಳತೆ ಹೊಂದುತ್ತದೆ, ಆದರೆ ಕಳೆದುಹೋದ ವಿವರ ಮರಳುವುದಿಲ್ಲ. ಪುಟ್ಟ ಕ್ಲೆಫ್, ಚುಕ್ಕೆಗಳು ಮೊದಲು ಕೈಕೊಡುತ್ತವೆ. ಹಾಳೆ ಕೈಯಲ್ಲಿದ್ದರೆ ಮತ್ತೆ ಸ್ಕ್ಯಾನ್ ಮಾಡಿ.

ರಘು: 1200 ಇಟ್ಟರೆ ಇನ್ನೂ ಒಳ್ಳೆಯದು.

ವಿನಯ್: ಕಡತ ದೊಡ್ಡದಾಗಿ ಗಣಕ ತೆವಳುತ್ತದೆ, ಅಷ್ಟೆ. ನೀವು ಒಮ್ಮೆಯಾದರೂ ಮಾಡಿ ನೋಡಿದ್ದೀರಾ?

ರಘು: ನಾನು ಮಾಡಿದ್ದೇನೋ ಇಲ್ಲವೋ, ನಿಮಗೆ ಲೆಕ್ಕ ಒಪ್ಪಿಸಬೇಕಿಲ್ಲ.

ಜೋಸೆಫ್: ನನ್ನ ಬಳಿ ಕೈಬರಹದ ಗಾಯನ ಹಾಳೆ ಇದೆ. ಇದೇ ಉಪಾಯ ನಡೆಯುತ್ತದೆಯೇ?

ಶ್ರೀಧರ: ಇಲ್ಲ. ಇದು ಅಚ್ಚಾದ ಹಾಳೆಗಳಿಗೆ. ಕೈಬರಹವನ್ನು ನೇರವಾಗಿ ಟೈಪ್ ಮಾಡಿ.

ಅನಿತಾ: ಗಿಟಾರ್ ಟ್ಯಾಬ್ ಓದಿಸಬಹುದೇ?

ಮಂಜುಳಾ: ಸರ್, ಮಿಡಿಯಿಂದ ತಪ್ಪು ಹೋಗುವುದಿಲ್ಲ ಎಂದಿರಿ, ಆದರೆ ರಘು ಅವರು…

ಶ್ರೀಧರ: ಮೇಲೆ ಬರೆದಿದ್ದೇನೆ. ಓದಿ.

ಸುಮಾ: ಸರ್, ಪುಟ್ಟ ಕ್ಲೆಫ್ ನೀವು ಹೇಳಿದ ಜಾಗದಲ್ಲೇ ಇತ್ತು! ಆಡಿವೆರಿಸ್‌ನಲ್ಲಿ ಇಟ್ಟೆ, ಸರಿಯಾಯಿತು. 23ರಲ್ಲಿ ಒಂದು ಸ್ವರ ಮಾತ್ರ ಇನ್ನೂ ಅರ್ಧ ಸ್ವರ ಎತ್ತರಕ್ಕೆ ಕೇಳುತ್ತಿದೆ.

ಶ್ರೀಧರ: ಅದು ಬೇರೆ ತಪ್ಪು. ಆ ಸ್ವರದ ಮುಂದಿರುವುದು ನ್ಯಾಚುರಲ್ ಗುರುತೋ ಶಾರ್ಪ್ ಗುರುತೋ, ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಮಸಿ ಹರಡಿದ್ದರೆ ನ್ಯಾಚುರಲ್ ಶಾರ್ಪ್‌ನಂತೆ ಕಾಣುತ್ತದೆ. ಆ ಬಾರ್‌ನ ಚಿತ್ರವನ್ನು ಕತ್ತರಿಸಿ ಇಲ್ಲಿ ಹಾಕಿ. ಉಳಿದವರು ದಯವಿಟ್ಟು ಸ್ವಲ್ಪ ಹೊತ್ತು ನಡುವೆ ಬರಬೇಡಿ.