ಮಲೆನಾಡಿನ ತೇವಕ್ಕೆ ಗ್ಲಾಸ್-ಗ್ಲಾಸ್ ಪ್ಯಾನೆಲ್ಲೋ, ಬ್ಯಾಕ್‌ಶೀಟ್ ಪ್ಯಾನೆಲ್ಲೋ?

ಕೇಳಿದವರು: ಮೂಡಿಗೆರೆ ಹತ್ತಿರ ಕಾಫಿ ಗೋಡೌನ್ ಶೀಟಿನ ಮೇಲೆ 6 ಕಿಲೋವ್ಯಾಟ್ ಸೋಲಾರ್ ಹಾಕಿಸಬೇಕು. ಒಬ್ಬರು ಗ್ಲಾಸ್-ಗ್ಲಾಸೇ ಹಾಕಿಸಿ ಅಂತಾರೆ, ಇನ್ನೊಬ್ಬರು ಭಾರ ಜಾಸ್ತಿ, ಬೇಡ ಅಂತಾರೆ. ಹಾಕಿಸಿದವರು ಅನುಭವ ಹೇಳಿ.

ಸಕಲೇಶಪುರ ಬೆಳೆಗಾರ: ಹಿಂಬದಿಗೆ ಪ್ಲಾಸ್ಟಿಕ್ ಹಾಳೆ ಇರೋ ಬ್ಯಾಕ್‌ಶೀಟಿನ ಸಹವಾಸವೇ ಬೇಡ ಸರ್. ನಮ್ಮಲ್ಲಿ 12 ಪ್ಯಾನೆಲ್, ಎಲ್ಲ ಒಂದರ ಹಿಂದೊಂದು ಜೋಡಿಸಿದ ಒಂದೇ ಸ್ಟ್ರಿಂಗ್. ಮಳೆ ಹಿಡಿದರೆ ಬೆಳಿಗ್ಗೆ ಇನ್ವರ್ಟರ್ ಇನ್ಸುಲೇಶನ್ ಫಾಲ್ಟ್, ಅಂದರೆ ಕರೆಂಟ್ ಅರ್ಥಿಗೆ ಸೋರ್ತಿದೆ ಅಂತ, ತೋರಿಸುತ್ತೆ, ಬಿಸಿಲು ಬಂದ ಮೇಲೆ ತಾನೇ ಸರಿಹೋಗುತ್ತೆ. ಮೊದಲು ಇನ್ವರ್ಟರೇ ಹಾಳು ಅಂತ ಬಿಚ್ಚಿ ಕಳಿಸಿದರು, ಏನೂ ಇಲ್ಲ ಅಂತ ವಾಪಸ್ ಬಂತು. ಕೊನೆಗೆ ಒಂದು ಪ್ಯಾನೆಲ್ ವಾರಂಟಿಯಲ್ಲಿ ಬದಲಾಯಿತು, ಆದರೆ ಜೀಪ್ ಬಾಡಿಗೆ 1,800, ಇಳಿಸಿ ಹತ್ತಿಸಿದ ಕೂಲಿ 4,500 ನಮ್ಮ ತಲೆಗೇ ಬಂತು. ವಾರಂಟಿ ಕಾಗದದಲ್ಲಿ ಕೂಲಿ ಸೇರಿದೆಯಾ ಅಂತ ಮೊದಲು ಓದಿ.

ಚಿಕ್ಕಮಗಳೂರು ತಾರಸಿ: ಅದಕ್ಕೇ ಹೇಳೋದು, ಗ್ಲಾಸ್-ಗ್ಲಾಸ್ ಹಾಕಿಸಿ ಮರೆತುಬಿಡಿ. ಎರಡೂ ಕಡೆ ಗಾಜು, ನೀರಿನ ಆವಿ ಒಳಗೆ ಹೋಗೋಕೆ ದಾರಿಯೇ ಇಲ್ಲ.

ಹಾಸನ ಸೋಲಾರ್ ಕೆಲಸ: ದಾರಿ ಇದೆ ಸರ್. ಗಾಜಿನ ಮೂಲಕ ಹೋಗಲ್ಲ, ಅಂಚಿನಿಂದ ನಿಧಾನವಾಗಿ ಹೋಗುತ್ತೆ, ಜಂಕ್ಷನ್ ಬಾಕ್ಸ್ ಕೂತ ಜಾಗದಿಂದಲೂ ಹೋಗುತ್ತೆ. ಮಧ್ಯದ ಸೆಲ್‌ಗಳು ವರ್ಷಗಟ್ಟಲೆ ಒಣಗೇ ಇರ್ತವೆ, ಅದು ನಿಜ. ಬ್ಯಾಕ್‌ಶೀಟಲ್ಲಿ ಹಿಂಬದಿ ಪೂರ್ತಿ ಆವಿ ಹಾಯುತ್ತೆ. ಒಳಗಿನ ಅಂಟು ಇವಿಎ ಆಗಿದ್ದರೆ ತೇವಕ್ಕೆ ಅಸಿಟಿಕ್ ಆಮ್ಲ ಬಿಡುತ್ತೆ, ಅದು ಸೆಲ್ ಮೇಲಿನ ಬೆಳ್ಳಿ ಗೆರೆಗಳನ್ನ ತಿನ್ನುತ್ತೆ. ಬ್ಯಾಕ್‌ಶೀಟಾದರೆ ಆ ಆಮ್ಲ ಸ್ವಲ್ಪ ಹೊರಗೂ ಹೋಗುತ್ತೆ. ಎರಡು ಗಾಜಿನ ನಡುವೆ ಸಿಕ್ಕರೆ ಹೋಗಲ್ಲ. ಹಾಗಾಗಿ ಗ್ಲಾಸ್-ಗ್ಲಾಸ್ ತಗೊಳ್ಳೋದಾದರೆ ಡೇಟಾಶೀಟಲ್ಲಿ ಅಂಟು ಪಿಒಇ ಅಥವಾ ಇಪಿಇ ಅಂತ ಇದೆಯಾ ನೋಡಿ. ಟಾಪ್‌ಕಾನ್ ಸೆಲ್ ಆದರಂತೂ ಇದನ್ನ ಬಿಡಲೇಬೇಡಿ, ಅವಕ್ಕೆ ತೇವ ಆಗಲ್ಲ.

ಸಕಲೇಶಪುರದವರ ಫಾಲ್ಟ್ ಹುಡುಕೋಕೆ ಇನ್ವರ್ಟರ್ ಬಿಚ್ಚಬೇಕಿರಲಿಲ್ಲ. ಪ್ಯಾನೆಲ್ ಒದ್ದೆ ಇರುವಾಗಲೇ, ಬೆಳಿಗ್ಗೆ, ಅಳೆಯಬೇಕು; ಒಣಗಿದ ಮೇಲೆ ಏನೂ ಸಿಗಲ್ಲ. ಇನ್ವರ್ಟರ್ ನಿಲ್ಲಿಸಿ, ಡಿಸಿ ಸ್ವಿಚ್ ಆಫ್ ಮಾಡಿ, ಆಮೇಲೆ ಸ್ಟ್ರಿಂಗಿನ ಎರಡೂ ತುದಿ ಬಿಚ್ಚಿ. ಪ್ಲಸ್‌ನಿಂದ ಅರ್ಥಿಗೆ 441 ವೋಲ್ಟ್, ಮೈನಸ್‌ನಿಂದ ಅರ್ಥಿಗೆ 147 ವೋಲ್ಟ್ ಬಂತು ಅಂದ್ಕೊಳ್ಳಿ. ಒಟ್ಟು 588, ಹನ್ನೆರಡು ಪ್ಯಾನೆಲ್‌ಗೆ ತಲಾ 49. 147 ಅಂದರೆ ಮೂರು ಪ್ಯಾನೆಲ್. ಸೋರಿಕೆ ಮೈನಸ್ ಕಡೆಯಿಂದ ಮೂರನೇದಕ್ಕೂ ನಾಲ್ಕನೇದಕ್ಕೂ ನಡುವೆ. ಮೊದಲು ಅಲ್ಲಿನ ಕನೆಕ್ಟರ್ ಚಾವಣಿ ಶೀಟಿನ ಮೇಲೆ ನೀರಲ್ಲಿ ಬಿದ್ದಿದೆಯಾ ನೋಡಿ, ಆಮೇಲೆ ಪ್ಯಾನೆಲ್ ಹಿಂಬದಿ. ಬೆರಳಿಗೆ ಬಿಳಿ ಪುಡಿ ಹತ್ತಿದರೆ ಹಾಳೆ ಸವೆಯುತ್ತಿದೆ ಅಂತ. ಸೆಲ್‌ಗಳ ನಡುವಿನ ಗೆರೆಯಲ್ಲೇ ಬಿರುಕು ಕಂಡರೆ ನೀರು ಅಲ್ಲಿಂದಲೇ. ಸೋರಿಕೆ ಇಲ್ಲದಿದ್ದರೆ ಎರಡೂ ರೀಡಿಂಗ್ ಸೊನ್ನೆ ಕಡೆ ಜಾರ್ತವೆ. ಈ ಕೆಲಸ ಗ್ಲೌಸ್ ಹಾಕಿಕೊಂಡು ಬಲ್ಲವರೇ ಮಾಡಲಿ, 600 ವೋಲ್ಟ್ ಡಿಸಿ ಜೀವಕ್ಕೆ ಅಪಾಯ.

ಸಕಲೇಶಪುರ ಬೆಳೆಗಾರ: ನಮ್ಮಲ್ಲಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ರೀಡಿಂಗ್ ಬಂದಿತ್ತು. ಆರನೇ ಪ್ಯಾನೆಲ್ ಅಂತ ಅದನ್ನೇ ಬದಲಾಯಿಸಿದರು, ಈ ಮಳೆಗಾಲ ಮತ್ತೆ ಶುರುವಾಗಿದೆ.

ಹಾಸನ ಸೋಲಾರ್ ಕೆಲಸ: ಎಲ್ಲ ಪ್ಯಾನೆಲ್ಲೂ ಸ್ವಲ್ಪ ಸ್ವಲ್ಪ ಸೋರಿದರೂ ಲೆಕ್ಕ ಮಧ್ಯಕ್ಕೇ ಬರುತ್ತೆ. ಪ್ಯಾನೆಲ್‌ಗಳನ್ನ ಬಿಡಿಬಿಡಿಯಾಗಿ, ನೀರು ಚಿಮುಕಿಸಿ ಇನ್ಸುಲೇಶನ್ ಅಳೆಯೋ ಮೆಗ್ಗರ್ ಹಾಕಿ ನೋಡದೆ ಬದಲಾಯಿಸಬಾರದಿತ್ತು.

ಬೇಲೂರು: ಗ್ಲಾಸ್-ಗ್ಲಾಸ್ ಹೊಗಳೋರು ಗಾಜು ಒಡೆಯೋದನ್ನ ಯಾಕೆ ಹೇಳಲ್ಲ? ನಮ್ಮ 14ರಲ್ಲಿ ಎರಡು, ಕ್ಲಾಂಪ್ ಹತ್ತಿರ ಶುರುವಾಗಿ ಉದ್ದಕ್ಕೆ ಗೆರೆ ಬಿಟ್ಟಿವೆ. ಕಲ್ಲೂ ಬಿದ್ದಿಲ್ಲ, ಕೊಂಬೆಯೂ ಬಿದ್ದಿಲ್ಲ.

ಚಿಕ್ಕಮಗಳೂರು ತಾರಸಿ: ಹಾಕಿದವರಿಗೆ ಕೆಲಸ ಬರಲ್ಲ ಅಂತ ಹೇಳಿ, ಪ್ಯಾನೆಲ್ಲನ್ನ ಬೈಬೇಡಿ.

ಬೇಲೂರು: ದುಡ್ಡು ಕೊಟ್ಟೋನು ನಾನು, ಬೈಯೋ ಹಕ್ಕಿದೆ.

ಹಾಸನ ಸೋಲಾರ್ ಕೆಲಸ: ಇಬ್ಬರೂ ಸ್ವಲ್ಪ ತಾಳಿ. ಬ್ಯಾಕ್‌ಶೀಟ್ ಪ್ಯಾನೆಲ್ ಮೇಲೆ 3.2 ಮಿ.ಮೀ. ಪೂರ್ತಿ ಟೆಂಪರ್ ಆದ ಗಾಜು. ಗ್ಲಾಸ್-ಗ್ಲಾಸಲ್ಲಿ ಸಾಮಾನ್ಯವಾಗಿ 2 ಮಿ.ಮೀ.ನ ಎರಡು, ಅಷ್ಟು ತೆಳು ಗಾಜಿಗೆ ಪೂರ್ತಿ ಟೆಂಪರ್ ಮಾಡೋದು ಕಷ್ಟ, ಹಾಗಾಗಿ ಒಡೆದರೆ ಚೂರಾಗದೆ ಉದ್ದ ಗೆರೆ ಬೀಳುತ್ತೆ. ಕ್ಲಾಂಪನ್ನ ಮ್ಯಾನುಯಲ್ ಹೇಳಿದ ಜಾಗದಲ್ಲೇ, ಟಾರ್ಕ್ ರೆಂಚಿನಲ್ಲೇ ಬಿಗಿಯಬೇಕು. ರೈಲು ಸೊಟ್ಟ ಇದ್ದರೆ ಪ್ಯಾನೆಲ್ ತಿರುಚಿಕೊಂಡೇ ಕೂರುತ್ತೆ. ಆದರೆ ಬಿಗಿತ ಸರಿ ಇದ್ದೂ ಒಡೆದ ಪ್ಯಾನೆಲ್‌ಗಳಿವೆ, ಹಾಗಾಗಿ ಬೇಲೂರಿನವರ ಮಾತನ್ನ ತಳ್ಳಿಹಾಕಲ್ಲ.

ಕೇಳಿದವರು: ಶೀಟಿನ ಭಾರದ ವಿಷಯ?

ಹಾಸನ ಸೋಲಾರ್ ಕೆಲಸ: 550 ವ್ಯಾಟ್ ಅಳತೆಯ ಬ್ಯಾಕ್‌ಶೀಟ್ ಪ್ಯಾನೆಲ್ 28 ಕೆಜಿ ಆಸುಪಾಸು, ಗ್ಲಾಸ್-ಗ್ಲಾಸ್ 32-33. ಹನ್ನೆರಡಕ್ಕೆ ಹೆಚ್ಚೆಂದರೆ 60 ಕೆಜಿ ಜಾಸ್ತಿ, ಅದೂ ಚಾವಣಿ ಪೂರ್ತಿ ಹರಡುತ್ತೆ. ರೈಲನ್ನ ಶೀಟಿನ ಕೆಳಗಿನ ಅಡ್ಡಪಟ್ಟಿ ಪರ್ಲಿನ್‌ಗೇ ಬೋಲ್ಟ್ ಮಾಡಿಸಿ, ಬರೀ ಶೀಟಿಗೆ ಅಲ್ಲ. ಆಷಾಢದ ಗಾಳಿ ಮೇಲಕ್ಕೆತ್ತೋ ಬಲದ ಮುಂದೆ ಆ 60 ಕೆಜಿ ದೊಡ್ಡದಲ್ಲ. ಪರ್ಲಿನ್ ತುಕ್ಕು ಹಿಡಿದಿದ್ದರೆ ಯಾವ ಪ್ಯಾನೆಲ್ಲೂ ಬೇಡ, ಮೊದಲು ಅದನ್ನ ಬದಲಾಯಿಸಿ. ಗಟ್ಟಿ ಇದ್ದರೆ ಪಿಒಇ ಇರೋ ಗ್ಲಾಸ್-ಗ್ಲಾಸ್ ಹಾಕಿಸಿ.

ಬೇಲೂರು: ಎರಡು ಪ್ಯಾನೆಲ್ ಹೆಚ್ಚಿಗೆ ತರಿಸಿ ಇಟ್ಟುಕೊಳ್ಳಿ. ಅದೇ ಅಳತೆಯದು ಆಮೇಲೆ ಸಿಗಲ್ಲ, ನನಗೆ ಸಿಕ್ಕಿಲ್ಲ.