ಕೆಪಾಸಿಟರ್ ಡೇಟಾಶೀಟಿನ ರಿಪಲ್ ಕರೆಂಟ್ ಲೆಕ್ಕ: ಸಹಾಯ ಬೇಕು

ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ ಆದಮೇಲೆ 2200 µF, 50 V ಎಲೆಕ್ಟ್ರೊಲಿಟಿಕ್ ಹಾಕಿದ್ದೇನೆ. ಡೇಟಾಶೀಟಲ್ಲಿ ರಿಪಲ್ ಕರೆಂಟ್ 2 A ಅಂತಿದೆ, ಆದರೆ ಅದು 105 °C, 100 kHzಗೆ. 120 Hzಗೆ 0.75ರಿಂದ ಗುಣಿಸಬೇಕಂತೆ, ಅಲ್ಲಿಗೆ 1.5 A ಆಯ್ತು. ನಮ್ಮದು 50 Hz ಕರೆಂಟು, ಬ್ರಿಡ್ಜ್ ನಂತರ 100 Hz, ಹಾಗಾಗಿ ಇನ್ನೂ ಚೂರು ಕಮ್ಮಿಯೇ.

ಟ್ರೂ ಆರ್‌ಎಂಎಸ್ ಕ್ಲ್ಯಾಂಪ್ ಮೀಟರಲ್ಲಿ ಕೆಪಾಸಿಟರ್ ಕಾಲಿನ ಕರೆಂಟ್ 1.9 A ಬರ್ತಿದೆ. ಡಬ್ಬಿಯೊಳಗಿನ ಗಾಳಿ 60 °C, ಕೆಪಾಸಿಟರ್ ಮೈ 72 °C. ಎರಡನ್ನು ಪ್ಯಾರಲಲ್ ಹಾಕೋಣ ಅಂದ್ರೆ ಬೋರ್ಡಲ್ಲಿ ಜಾಗವಿಲ್ಲ. ಕೆಪಾಸಿಟೆನ್ಸ್ ±20% ಇರೋದು ಇಲ್ಲಿ ತೊಂದರೆಯಲ್ಲ.

ಫ್ರೀಕ್ವೆನ್ಸಿ ಟೇಬಲ್ ಕೊಟ್ಟಿದ್ದಾರೆ, ಉಷ್ಣತೆಯ ಟೇಬಲ್ ಮಾತ್ರ ಇಲ್ಲ. ಸುತ್ತಲಿನ ಗಾಳಿ 60 °C ಇದ್ದಾಗ 1.5 A ಮೀರಿ ಓಡಿಸಬಹುದೇ, ಅಥವಾ ಕೆಪಾಸಿಟರ್ ಒಳಗಿನ ಬಿಸಿ ಸುತ್ತಲಿನ ಗಾಳಿಗಿಂತ ಎಷ್ಟು ಡಿಗ್ರಿ ಏರಬಹುದು ಅನ್ನೋದೇ ಮಿತಿಯೇ?