ಅಪ್‌ಡೇಟ್: ಪದೇ ಪದೇ ಬರುವ ಮೂತ್ರದ ಸೋಂಕಿಗೆ ಕಾರಣ ಸಿಕ್ಕಿತು

ಅಂದು ನಾನು ಕೇಳಿದ್ದು: "ಆರು ತಿಂಗಳಲ್ಲಿ ಮೂರು ಸಲ ಉರಿಮೂತ್ರ. ನೀರು ಕುಡಿಯುತ್ತೇನೆ, ಮೂತ್ರ ತಡೆದಿಟ್ಟುಕೊಳ್ಳುವುದಿಲ್ಲ. ಸ್ಕ್ಯಾನ್ ಬೇಕಾ?"

ನನ್ನ ವಿಷಯದಲ್ಲಿ ಸ್ಕ್ಯಾನ್ ಬೇಕಾಗಿತ್ತು. ಈ ಸಲ ಮಾತ್ರೆ ಶುರು ಮಾಡುವ ಮೊದಲೇ, ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಎಂದು ನೋಡುವ ಕಲ್ಚರ್ ಮಾಡಿಸಿದೆ. ಸಾಮಾನ್ಯವಾಗಿ ಸಿಗುವ ಇ. ಕೋಲಿ ಅಲ್ಲ, ಪ್ರೋಟಿಯಸ್ ಬಂತು. ಕೋರ್ಸ್ ಮುಗಿದ ಹತ್ತೇ ದಿನಕ್ಕೆ ಮತ್ತೆ ಅದೇ. ತಿಂಗಳುಗಳ ಅಂತರದಲ್ಲಿ ಬಂದರೆ ಅದು ಹೆಚ್ಚಾಗಿ ಹೊಸ ಸೋಂಕು, ಸ್ಕ್ಯಾನ್ ಸಾಮಾನ್ಯವಾಗಿ ಬೇಡ. ಎರಡು ವಾರದೊಳಗೆ ಅದೇ ಬ್ಯಾಕ್ಟೀರಿಯಾ ಮರಳಿದರೆ ಒಳಗೆಲ್ಲೋ ಅಡಗಿರಬಹುದು ಎಂದರು ಡಾಕ್ಟರ್. ಪ್ರೋಟಿಯಸ್ ಮೂತ್ರವನ್ನು ಕ್ಷಾರೀಯವಾಗಿಸುವುದರಿಂದ ಕಲ್ಲು ಕಟ್ಟುತ್ತದಂತೆ, ಆ ಕಲ್ಲಿನೊಳಗೆ ಔಷಧಿ ಸರಿಯಾಗಿ ತಲುಪುವುದಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಎಡ ಕಿಡ್ನಿಯಲ್ಲಿ ಕಲ್ಲು ಕಂಡಿತು. ನೀರು ಕುಡಿಯುವುದನ್ನು ಬಿಡುವುದಿಲ್ಲ, ಆದರೆ ಕಲ್ಲು ತೆಗೆಯದೆ ಅದೊಂದೇ ಸಾಲದು. ಮುಂದಿನ ವಾರ ತೆಗೆಯುತ್ತಾರೆ. ಅಷ್ಟರೊಳಗೆ ಚಳಿಜ್ವರ, ಪಕ್ಕೆನೋವು ಬಂದರೆ ಕಾಯದೆ ಅಂದೇ ಬರಬೇಕೆಂದಿದ್ದಾರೆ.